ಬೋರ್ಡಿನ ಮೇಲೆ ‘ಆಚೆಮನೆ’ ಅಂತ ಬರೆಸಿದ್ದು

ಹೋಂಸ್ಟೇಗೆ ‘ಆಚೆಮನೆ’ ಅಂತ ಹೆಸರಿಡುತ್ತೇನೆ ಅಂದಾಗ ನಮ್ಮ ಕಡೆ ನಗದೆ ಇದ್ದವರು ಕಡಿಮೆ. ‘ಇದು ಹೆಸರೋ ವಿಳಾಸವೋ’ ಅಂತ ಅಣ್ಣ ಕೇಳಿದ. ಬೆಂಗಳೂರಿನಿಂದ ಬರುವವರಿಗೆ ಇಂಗ್ಲಿಷ್ ಹೆಸರೇ ಬೇಕು, ಇಲ್ಲದಿದ್ದರೆ ರೂಮು ಖಾಲಿ ಬೀಳುತ್ತದೆ ಅಂತ ಪಕ್ಕದ ತೋಟದವರು ಹೇಳಿದರು. ಈಗ ಅವರಲ್ಲೇ ಮೂರ್ನಾಲ್ಕು ಜನ ಫೋನ್ ಮಾಡಿ, ನಮಗೂ ಒಂದು ಹೆಸರು ಹುಡುಕಿಕೊಡು ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು. ಪಂಚಾಯಿತಿ, ಪೊಲೀಸ್ ಎನ್‌ಒಸಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಎಲ್ಲ ನಿಮಗೆ ಗೊತ್ತಿರುವುದೇ. ಹೆಸರಿನ ವಿಷಯ ಮಾತ್ರ ಹೇಳುತ್ತೇನೆ.

ನಮ್ಮದು ಸಕಲೇಶಪುರ ತಾಲ್ಲೂಕು. ದೊಡ್ಡಮನೆ ಈ ಕಡೆ, ಮಧ್ಯೆ ಒಂದು ಪಟ್ಟಿ ಗದ್ದೆ, ಗದ್ದೆ ದಾಟಿದರೆ ಚಿಕ್ಕಪ್ಪ ಇದ್ದ ಹೆಂಚಿನ ಮನೆ. ಅದರ ಸುತ್ತ ಅರೇಬಿಕಾ, ಹಿಂದೆ ಕಾಡು. ಆ ಮನೆಯನ್ನೇ ರಿಪೇರಿ ಮಾಡಿಸಿ ನಾಲ್ಕು ರೂಮು ಮಾಡಿದೆವು. ಅದಕ್ಕೆ ಮೊದಲು ಇಟ್ಟ ಹೆಸರು ‘ಸೈಲೆಂಟ್ ವ್ಯಾಲಿ ವ್ಯೂ’. ಸ್ಟೀಲ್ ಅಕ್ಷರದ ಬೋರ್ಡು, ರಸ್ತೆ ತಿರುವಿನಲ್ಲಿ ಎರಡು ಬಾಣದ ಗುರುತು, ವಿಸಿಟಿಂಗ್ ಕಾರ್ಡು, ಟವೆಲ್ ಮೇಲೆ ಕಸೂತಿ. ಎಲ್ಲ ಸೇರಿ 30 ಸಾವಿರದ ಆಸುಪಾಸು ಖರ್ಚಾಗಿತ್ತು.

ಆ ಹೆಸರಿನ ಮೊದಲ ತೊಂದರೆ ಹುಡುಕುವಾಗ ಬಂತು. ಸೈಲೆಂಟ್ ವ್ಯಾಲಿ ಅಂತ ಟೈಪ್ ಮಾಡಿದರೆ ಬರುವುದು ಕೇರಳದ ಪಾಲಕ್ಕಾಡ್ ಜಿಲ್ಲೆಯ ರಾಷ್ಟ್ರೀಯ ಉದ್ಯಾನ. ಅಷ್ಟು ದೊಡ್ಡ ಹೆಸರಿನ ಕೆಳಗೆ ನಮ್ಮ ನಾಲ್ಕು ರೂಮು ಯಾರ ಕಣ್ಣಿಗೆ ಬೀಳಬೇಕು? ಜೀಪ್ ಸಫಾರಿ ಟಿಕೆಟ್ ಎಷ್ಟು ಅಂತ ಫೋನ್‌ಗಳು ಬರುತ್ತಿದ್ದವು. ಒಬ್ಬ ಪುಣ್ಯಾತ್ಮ ಕೊಯಮತ್ತೂರಿನಿಂದ ಹೊರಟಾಗಿದೆ, ಗೇಟ್ ಎಷ್ಟು ಗಂಟೆಗೆ ಮುಚ್ಚುತ್ತದೆ ಅಂತ ಕೇಳಿದ್ದ.

ಎರಡನೆಯ ತೊಂದರೆ ಇದಕ್ಕಿಂತ ದೊಡ್ಡದು. ಹೆಸರಲ್ಲೇ ‘ಸೈಲೆಂಟ್’ ಅಂತ ಬರೆದುಕೊಂಡರೆ ಬಂದವರು ಅದನ್ನು ಪರೀಕ್ಷೆ ಮಾಡುತ್ತಾರೆ. ತೋಟ ಯಾವತ್ತು ಸುಮ್ಮನೆ ಇರುತ್ತದೆ ಹೇಳಿ? ಡಿಸೆಂಬರಿನಲ್ಲಿ ಹಣ್ಣು ಬಂದ ದಿನವೇ ಪಲ್ಪ್ ಆಗಬೇಕು, ರಾತ್ರಿ ಒಂಬತ್ತಾದರೂ ಪಲ್ಪರ್ ಓಡುತ್ತಿರುತ್ತದೆ. ಮಳೆಗೆ ಮುಂಚೆ ಜೀರುಂಡೆ ಶುರುವಾದರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕರೆಂಟು ಹೋದರೆ ಜನರೇಟರ್. ಬೆಳಗಿನ ಜಾವ ನವಿಲು. ನಮಗೆ ಇದೆಲ್ಲ ಸದ್ದೇ ಅಲ್ಲ. ಅವರಿಗೆ ಸದ್ದು. ‘ಹೆಸರು ಸೈಲೆಂಟ್, ಮೆಷಿನ್ ಸೌಂಡ್ ಮಾತ್ರ ಜೋರು’ ಅಂತ ಬರೆದು ಎರಡು ಸ್ಟಾರ್ ಕೊಟ್ಟು ಹೋದರು. ಅದೇ ಪಲ್ಪರ್, ಅದೇ ಜೀರುಂಡೆ ಈಗಲೂ ಇವೆ. ಹೆಸರು ಬದಲಾದ ಮೇಲೆ ಅದರ ಬಗ್ಗೆ ಒಂದೇ ಒಂದು ತಕರಾರು ಬಂದಿಲ್ಲ. ಬದಲಿಗೆ ‘ಪಲ್ಪ್ ಮಾಡೋದನ್ನು ತೋರಿಸ್ತೀರಾ’ ಅಂತ ಕೇಳುತ್ತಾರೆ. ನಾವು ನಿಶ್ಶಬ್ದ ಅಂತ ಹೇಳಿಕೊಂಡರೆ ಅವರು ಸದ್ದು ಹುಡುಕುತ್ತಾರೆ, ಅಷ್ಟೇ.

ಹಾಗಾದರೆ ಪರಿಣಿತರ ಹತ್ತಿರವೇ ಹೋಗೋಣ ಅಂತ ಬೆಂಗಳೂರಿನ ಒಂದು ಬ್ರ್ಯಾಂಡಿಂಗ್ ಏಜೆನ್ಸಿ ಹಿಡಿದೆ. ಸುಮಾರು 40 ಸಾವಿರ ಹೋಯಿತು. ಅವರು ಯಾರೂ ತೋಟಕ್ಕೆ ಬರಲಿಲ್ಲ, ಫೋಟೋ ಕಳಿಸಿ ಅಂದರು. ಆಮೇಲೆ ಒಂದು ಚೆಂದದ ಪಿಡಿಎಫ್ ಬಂತು. ಅದರಲ್ಲಿ ವಿಸ್ಪರಿಂಗ್, ಮಿಸ್ಟಿ, ಅರೋಮಾ, ಬೀನ್, ನೆಸ್ಟ್, ರಿಟ್ರೀಟ್. ಈ ಆರು ಮಾತನ್ನೇ ಹಿಂದೆ ಮುಂದೆ ಮಾಡಿ ಹದಿನೈದೋ ಇಪ್ಪತ್ತೋ ಹೆಸರು.

ಅದನ್ನು ನೋಡಿದ ವಾರವೇ ಒಂದು ಕೆಲಸ ಮಾಡಿದೆ. ಸಕಲೇಶಪುರದಿಂದ ಹಾನಬಾಳು ಮೇಲೆ ಮೂಡಿಗೆರೆಗೆ ಹೋಗುವಾಗ ಅಳಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಡ ಬೋರ್ಡನ್ನೆಲ್ಲ ಬರೆದುಕೋ ಅಂದೆ. ಐವತ್ತರ ಮೇಲೆ ಸಿಕ್ಕಿದವು. ಗ್ರೀನ್, ಹಿಲ್, ವ್ಯಾಲಿ, ಮಿಸ್ಟ್, ನೇಚರ್, ಕಾಫಿ, ವುಡ್ಸ್ ಇಷ್ಟನ್ನು ಹೊಡೆದು ಹಾಕಿದರೆ ಉಳಿದದ್ದು ಕೈಬೆರಳಲ್ಲಿ ಎಣಿಸುವಷ್ಟು. ಕನ್ನಡದಲ್ಲಿ ಇಟ್ಟವರದೂ ಅದೇ ಕಥೆ: ಸಿರಿ, ಐಸಿರಿ, ಇಬ್ಬನಿ, ಕಾನನ, ನಿಸರ್ಗ, ಮಲೆನಾಡು. ‘ಮಿಸ್ಟಿ’ಯನ್ನು ತೆಗೆದು ‘ಇಬ್ಬನಿ’ ಅಂದರೆ ಸವಕಲುತನ ಹೋಗುವುದಿಲ್ಲ, ಲಿಪಿ ಬದಲಾಗುತ್ತದೆ ಅಷ್ಟೇ. ಕನ್ನಡ ಅಂದ ತಕ್ಷಣ ಹೆಸರು ಒಳ್ಳೆಯದಾಗಿಬಿಟ್ಟಿತು ಅಂತ ಅಂದುಕೊಳ್ಳುವವರು ನಮ್ಮಲ್ಲಿ ಜಾಸ್ತಿ, ಅದಕ್ಕೇ ಹೇಳಿದೆ.

ಆ ಪಟ್ಟಿಯಿಂದ ನನಗೆ ಕೆಲವು ಕಟ್ಟುಪಾಡು ಸಿಕ್ಕವು. ಹವಾಮಾನದ ಮಾತು ಬೇಡ. ಮಂಜು, ಮಳೆ, ಇಬ್ಬನಿ ಎಲ್ಲರ ತೋಟದ ಮೇಲೂ ಬೀಳುತ್ತವೆ. ಗುಣ ಹೇಳುವ ಮಾತು ಬೇಡ, ಸೈಲೆಂಟ್ ಆಗಿ ನೋಡಿದ್ದಾಯಿತಲ್ಲ. ಆತಿಥ್ಯ, ಅತಿಥಿ ಇವಂತೂ ಬೇಡವೇ ಬೇಡ. ಮನೆಗೆ ಬಂದವರಿಗೆ ‘ನಾನು ನಿಮ್ಮನ್ನು ಸತ್ಕರಿಸುತ್ತಿದ್ದೇನೆ’ ಅಂತ ಯಾರಾದರೂ ಬಾಯಿಬಿಟ್ಟು ಹೇಳುತ್ತಾರಾ? ಕಡೆಯದಾಗಿ ಕಾಫಿಯೂ ಬೇಡ. ಇದಕ್ಕೆ ಮನೆಯಲ್ಲಿ ಜಗಳವೇ ಆಯಿತು. ಕಾಫಿ ಬೆಳೆಯುವವರು ಕಾಫಿ ಅನ್ನದೆ ಇನ್ನೇನು ಅನ್ನಬೇಕು ಅಂತ ನನ್ನವಳು ಕೇಳಿದಳು. ಆದರೆ ಹೆಸರಲ್ಲಿ ಕಾಫಿ ಇಟ್ಟ ಸ್ನೇಹಿತನ ಪಾಡು ನಾನು ನೋಡಿದ್ದೆ. ದಾರಿಯಲ್ಲಿ ಹೋಗುವ ಕಾರುಗಳು ಕೆಫೆ ಅಂದುಕೊಂಡು ಅಂಗಳಕ್ಕೇ ಬಂದು ಕ್ಯಾಪುಚಿನೋ ಕೇಳುತ್ತವೆ. ಇಳಿದುಕೊಂಡವರು ಜಗಲಿಯಲ್ಲಿ ಕೂತಿದ್ದರೆ ಎದುರಿಗೇ ಹತ್ತು ಜನ ಸೆಲ್ಫಿ.

ಇಷ್ಟನ್ನು ತೆಗೆದರೆ ಉಳಿಯುವುದು ಏನು? ಮನೆಯಲ್ಲಿ ಆಡುವ ಮಾತು. ಹಳೆಯ ಚೆಕ್‌ರೋಲ್ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಒಂದು ಪಟ್ಟಿ ಶುರು ಮಾಡಿದೆ. ಅಮ್ಮ, ತೋಟದ ರೈಟರ್, ಲೈನ್‌ಮನೆಯ ಹೆಂಗಸರು ಆ ಮನೆ, ಆ ಜಾಗ, ಬಂದುಹೋಗುವವರ ಬಗ್ಗೆ ಮಾತಾಡುವಾಗ ಯಾವ ಪದ ಬಳಸುತ್ತಾರೋ ಅದನ್ನು ಹಾಗೆಯೇ ಬರೆದುಕೊಂಡೆ. ಕೇಳಿ ಬರೆಸಿಕೊಳ್ಳಬಾರದು. ‘ಒಂದು ಒಳ್ಳೆ ಹೆಸರು ಹೇಳಿ’ ಅಂದರೆ ಅವರೂ ‘ಹಸಿರು ಸಿರಿ’ ಅಂತಲೇ ಹೇಳುತ್ತಾರೆ. ಸುಮ್ನೆ ಕಿವಿ ಕೊಡಬೇಕು. ಒಂದು ಕೊಯ್ಲಿನ ಕಾಲ ಪೂರ್ತಿ ಹೀಗೇ ನಡೆಯಿತು.

ಪಟ್ಟಿಯಲ್ಲಿ ಒಳ್ಳೊಳ್ಳೆಯ ಮಾತು ಸಿಕ್ಕವು, ಒಂದೊಂದಾಗಿ ಬಿದ್ದೂ ಹೋದವು. ‘ಹೂಮಳೆ’ ನನಗೆ ತುಂಬ ಇಷ್ಟವಿತ್ತು. ಇಂಗ್ಲಿಷ್ ಅಕ್ಷರದಲ್ಲಿ Hoomale ಅಂತ ಬರೆದು ತಂಗಿಯ ಮಗಳಿಗೆ ತೋರಿಸಿದರೆ ಅವಳು ಕೊನೆಯ ಭಾಗವನ್ನು ‘ಮೇಲ್’ ಅಂತ ಓದಿ ಬಿದ್ದು ಬಿದ್ದು ನಕ್ಕಳು. ಅದೂ ಅಲ್ಲದೆ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುಡುತ್ತಾ ಆ ಬೋರ್ಡು ನೋಡುವುದು ಯಾರಿಗೆ ಬೇಕು. ‘ಕಣ’ ಅಂದುಕೊಂಡೆ. Kana ಅಂತ ಬರೆದ ಮೇಲೆ ಅದು ಕಣವಾಗಿ ಉಳಿಯಲೇ ಇಲ್ಲ, ಒಬ್ಬೊಬ್ಬರದು ಒಂದೊಂದು ಉಚ್ಚಾರ. ‘ಜಗಲಿ’ ಚೆನ್ನಾಗಿಯೇ ಇದೆ, ಆದರೆ ಆಗಲೇ ಬಹಳ ಜನ ಅಲ್ಲಿ ಕೂತಾಗಿದೆ.

‘ರೈಟರ್ ಮನೆ’ಯ ಹತ್ತಿರ ಹೆಚ್ಚು ದಿನ ನಿಂತೆ. ಚಿಕ್ಕಪ್ಪನಿಗಿಂತ ಮೊದಲು ಆ ಮನೆಯಲ್ಲಿ ತೋಟದ ರೈಟರ್ ಇದ್ದರಂತೆ. ಪೇಟೆಯವರು ರೈಟರ್ ಅಂದರೆ ಸಾಹಿತಿ ಅಂದುಕೊಳ್ಳುತ್ತಾರೆ. ಕೂತು ಬರೆಯುವಷ್ಟು ಪ್ರಶಾಂತ ಜಾಗ ಅನ್ನುವ ಭಾವನೆ ತಾನಾಗಿ ಬರುತ್ತದೆ, ನಾವು ಹೇಳಬೇಕಾಗಿಲ್ಲ. ಏಜೆನ್ಸಿಯವರಿಗೆ ಇದನ್ನು ಹೇಳಿದಾಗ ಕುಣಿದಾಡಿದರು. ಆದರೆ ಪ್ರಯೋಗಕ್ಕೆ ಅಂತ ಐದಾರು ಜನರಿಗೆ ಹೆಸರು ಮಾತ್ರ ಕಳಿಸಿದೆ. ಅರ್ಧಕ್ಕರ್ಧ ಜನ ಕೇಳಿದ್ದು ‘ತೇಜಸ್ವಿ ಅವರ ಮನೆನಾ?’ ಅಂತ. ತೇಜಸ್ವಿ ಇದ್ದದ್ದು ಮೂಡಿಗೆರೆಯಲ್ಲಿ, ಅವರ ಮನೆಯ ಹೆಸರು ‘ನಿರುತ್ತರ’. ಅವರ ಹೆಸರಿನ ನೆರಳಲ್ಲಿ ರೂಮು ಬಾಡಿಗೆಗೆ ಕೊಡುವುದು ನನಗೆ ಹಿಡಿಸಲಿಲ್ಲ, ಬಂದವರಿಗೂ ಮೋಸ. ಕೈಬಿಟ್ಟೆ. ಅಂದ ಹಾಗೆ, ನಮ್ಮ ಸೀಮೆಯಲ್ಲಿ ಒಂದು ಮನೆಗೆ ಇಟ್ಟ ಅತ್ಯುತ್ತಮ ಹೆಸರು ಯಾವುದು ಅಂದರೆ ನಾನು ‘ನಿರುತ್ತರ’ ಅಂತಲೇ ಹೇಳುತ್ತೇನೆ. ಮೌನ ಅನ್ನುವ ಪದವೇ ಇಲ್ಲ ನೋಡಿ ಅಲ್ಲಿ.

ಇದೆಲ್ಲದರ ಮಧ್ಯೆ ಒಂದು ಮಾತು ಚೆಕ್‌ರೋಲ್ ಪುಸ್ತಕದಲ್ಲಿ ಮತ್ತೆ ಮತ್ತೆ ಬಂದಿತ್ತು. ‘ಆಚೆಮನೆಗೆ ರೊಟ್ಟಿ ಕಳಿಸಿದ್ರಾ?’ ‘ಆಚೆಮನೆ ಹಂಡೆಗೆ ಉರಿ ಹಾಕಿ ಬಾ.’ ‘ಆಚೆಮನೆಯವರು ಎದ್ದಿದ್ದಾರಾ ನೋಡು.’ ಅಮ್ಮ ಚಿಕ್ಕಪ್ಪನ ಕಾಲದಿಂದ ಹೀಗೇ ಹೇಳುತ್ತಿದ್ದವರು, ಬಾಡಿಗೆಗೆ ಜನ ಬರಲು ಶುರುವಾದ ಮೇಲೂ ಅದನ್ನೇ ಮುಂದುವರಿಸಿದ್ದರು. ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಪದ ಇದ್ದರೂ ತೋಟದಲ್ಲಿ ಒಬ್ಬರೂ ಅದನ್ನು ಬಾಯಲ್ಲಿ ಹೇಳಿದ್ದು ನಾನು ಕೇಳಿಲ್ಲ. ಆಗ ಹೊಳೆಯಿತು. ದೂರವಿದೆ ಅನ್ನುವುದು ‘ಆಚೆ’ಯಲ್ಲೇ ಇದೆ. ಆದರೆ ಆಚೆಮನೆ ಅನ್ನಬೇಕಾದರೆ ಈಚೆ ಇನ್ನೊಂದು ಮನೆ ಇರಲೇಬೇಕು. ಒಲೆ ಉರಿಯುವ, ಕರೆದರೆ ಓಗೊಡುವ ಮನೆ. ಮೊಸರು ಕಡ ತರಲು ಹೋಗುವುದೂ ಆಚೆಮನೆಗೇ ಅಲ್ವಾ.

ಇಷ್ಟಕ್ಕೇ ಬೋರ್ಡು ಬರೆಸಲಿಲ್ಲ. ಹೆಸರನ್ನು ಬಾಯಲ್ಲಿ ಓಡಿಸಿ ನೋಡಬೇಕು. ಗಂಡ ಹೆಂಡತಿಗೆ ಶುಕ್ರವಾರ ಸಂಜೆ ಹೇಳುವ ಮಾತಿನಲ್ಲಿ ಹಾಕಿ ನೋಡಿ: ‘ಈ ಸಲ ಆಚೆಮನೆಗೆ ಹೋಗೋಣ.’ ಸಲೀಸಾಗಿ ಬರುತ್ತದೆ. ‘ಸೈಲೆಂಟ್ ವ್ಯಾಲಿ ವ್ಯೂಗೆ ಹೋಗೋಣ’ ಅಂತ ಯಾರೂ ಅನ್ನುವುದಿಲ್ಲ, ‘ಆ ಸಕಲೇಶಪುರದ ಹೋಂಸ್ಟೇಗೆ’ ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಹೆಸರು ಸತ್ತ ಹಾಗೆ. ಆಮೇಲೆ ನಮ್ಮ ತಿರುವಿನ ಬೀಡಾ ಅಂಗಡಿಯವನಿಗೆ ಬರೇ ಹೆಸರು ಹೇಳಿ, ಯಾರಾದರೂ ಕೇಳಿದರೆ ದಾರಿ ತೋರಿಸು ಅಂದೆ. ಹದಿನೈದು ದಿನ ಬಿಟ್ಟು ಒಬ್ಬ ಪರಿಚಯದ ಡ್ರೈವರ್ ಕೈಲಿ ಕೇಳಿಸಿದೆ. ಮರೆತಿರಲಿಲ್ಲ. ಹಳೆಯ ಹೆಸರನ್ನು ಅವನು ಎರಡು ವರ್ಷ ಬೋರ್ಡಿನಲ್ಲಿ ನೋಡಿಯೂ ‘ವ್ಯಾಲಿ ಏನೋ’ ಅನ್ನುತ್ತಿದ್ದ.

ಕಷ್ಟ ಕೊಟ್ಟದ್ದು ಇಂಗ್ಲಿಷ್ ಅಕ್ಷರ. Ache Mane ಅಂತ ಬರೆದರೆ ಮೊದಲ ಪದ ನೋವು, ಎರಡನೆಯದು ಕುದುರೆಯ ಜೂಲು. ನೋವಿನ ಹೋಂಸ್ಟೇಗೆ ಯಾರು ಬರುತ್ತಾರೆ? ಅಣ್ಣನಿಗೆ ಇದೊಂದು ಸಿಕ್ಕಿದ್ದೇ ಸಿಕ್ಕಿದ್ದು, ಒಂದು ತಿಂಗಳು ಆಡಿಕೊಂಡ. ಹಿಂದಿಯವರಿಗೆ ತೋರಿಸಿದರೆ ‘ಅಚ್ಛೇ’ ಅಂತ ಓದಿದರು, ಅದೇನೂ ನಷ್ಟವಲ್ಲ. ಫೋನಿನಲ್ಲಿ ಹೆಸರು ಹೇಳಿ, ಕೇಳಿಸಿಕೊಂಡ ಹಾಗೆ ಟೈಪ್ ಮಾಡಿ ಕಳಿಸಿ ಅಂತ ಗೊತ್ತಿರುವ ಹತ್ತು ಹನ್ನೆರಡು ಜನರನ್ನು ಕೇಳಿಕೊಂಡೆ. ಬೇಕಂತಲೇ ನೆಟ್‌ವರ್ಕ್ ಕೆಟ್ಟಿರುವ ಕಣದ ಮೂಲೆಯಿಂದ ಫೋನ್ ಮಾಡಿದೆ, ಏಕೆಂದರೆ ಗಿರಾಕಿ ಜೊತೆ ನಮ್ಮ ಮಾತು ನಡೆಯುವುದು ಅಂಥ ಲೈನಿನಲ್ಲೇ. ಜಾಸ್ತಿ ಜನ ಎರಡು a ಹಾಕಿದರು. ಕೊನೆಗೆ Aachemane, ಒಂದೇ ಪದ. ಸೇರಿಸಿ ಬರೆದರೆ ನೋವೂ ಇಲ್ಲ, ಜೂಲೂ ಇಲ್ಲ, ಇದು ಇಂಗ್ಲಿಷ್ ಅಲ್ಲ ಅಂತ ಕಣ್ಣಿಗೇ ಗೊತ್ತಾಗುತ್ತದೆ. ತಪ್ಪಾಗಿ ಟೈಪ್ ಮಾಡುವವರೂ ನಮ್ಮನ್ನೇ ತಲುಪುವ ಹಾಗೆ ಇನ್ನೊಂದು ಏರ್ಪಾಟು ಮಾಡಿದ್ದೇನೆ. ಅದಕ್ಕೆ ವರ್ಷಕ್ಕೆ ಸಾವಿರದೊಳಗೆ ಖರ್ಚು. ಏನು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಹೊಟ್ಟೆಪಾಡೂ ನಡೆಯಬೇಕು.

ಹೆಸರು ಬದಲಿಸುವಾಗ ಕಾಗದಪತ್ರ ಮೊದಲು, ಬೋರ್ಡು ಆಮೇಲೆ. ಪಂಚಾಯಿತಿ ಲೈಸೆನ್ಸ್ ಮತ್ತು ಇಲಾಖೆಯ ಪತ್ರದಲ್ಲಿ ಹೊಸ ಹೆಸರು ಬಂದ ಮೇಲೆ ಬುಕಿಂಗ್ ಸೈಟುಗಳಿಗೆ ಅದರ ಪ್ರತಿ ಕಳಿಸಿದರೆ ಬದಲಾಯಿಸಿಕೊಡುತ್ತಾರೆ. ಗೂಗಲ್ ಮ್ಯಾಪಿನಲ್ಲಿ ಹೊಸ ಜಾಗ ಸೇರಿಸಬೇಡಿ. ಇರುವ ಜಾಗದ ಹೆಸರನ್ನೇ ತಿದ್ದಿ, ಹಳೆಯ ರಿವ್ಯೂ ಎಲ್ಲ ಉಳಿಯುತ್ತವೆ. ಮತ್ತೆ ವೆರಿಫಿಕೇಷನ್ ಕೇಳಬಹುದು, ಬೋರ್ಡು ಕಾಣುವ ವಿಡಿಯೋ ತೆಗೆದಿಟ್ಟುಕೊಂಡಿರಿ. ಹೆಸರಿನ ಬಾಲಕ್ಕೆ ‘ಬೆಸ್ಟ್ ಹೋಂಸ್ಟೇ ಇನ್ ಸಕಲೇಶಪುರ’ ಅಂತ ಅಂಟಿಸುವ ಚಟ ನಮ್ಮಲ್ಲಿ ತುಂಬ ಜನಕ್ಕಿದೆ. ಅದು ಗೂಗಲ್ ನಿಯಮಕ್ಕೆ ವಿರುದ್ಧ. ನನಗೆ ಗೊತ್ತಿರುವ ಒಬ್ಬರ ಲಿಸ್ಟಿಂಗ್ ಸೀಸನ್ ಮಧ್ಯದಲ್ಲೇ ಬಂದ್ ಆಗಿತ್ತು. ಇನ್ನೊಂದು ಸಣ್ಣ ವಿಷಯ. ಯುಪಿಐನಲ್ಲಿ ದುಡ್ಡು ಹಾಕುವಾಗ ಬೇರೆ ಹೆಸರು ಕಂಡರೆ ಜನ ಹೆದರುತ್ತಾರೆ, ಸುಳ್ಳು ಹೋಂಸ್ಟೇ ತೋರಿಸಿ ಮುಂಗಡ ಹೊಡೆಯುವವರು ಅಷ್ಟಾಗಿದ್ದಾರೆ. ಅಲ್ಲೂ ಹೊಸ ಹೆಸರೇ ಕಾಣುವಂತೆ ಮಾಡಿಸಿ.

ಟ್ರೇಡ್‌ಮಾರ್ಕ್ ಬಗ್ಗೆ ಎಲ್ಲರೂ ಕೇಳುತ್ತಾರೆ. ವಸತಿ, ಊಟದ ವ್ಯವಹಾರ ಬರುವುದು 43ನೇ ಕ್ಲಾಸಿನಲ್ಲಿ. ಒಬ್ಬರ ಹೆಸರಿನಲ್ಲಿ ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ, ವಕೀಲರದು ಬೇರೆ. ಅರ್ಜಿಗೆ ಮೊದಲು ಟ್ರೇಡ್‌ಮಾರ್ಕ್ ಕಚೇರಿಯ ಸೈಟಿನಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಬರೇ ಅಕ್ಷರ ನೋಡಬೇಡಿ, ಒಂದೇ ಥರ ಕೇಳಿಸುವ ಹೆಸರು ಹುಡುಕುವ ಆಯ್ಕೆಯೂ ಇದೆ, ಅದನ್ನೂ ಹಾಕಿ. ಆದರೆ ಆಡುಮಾತಿನ ಹೆಸರಿನಲ್ಲಿ ಇದೊಂದು ಮಿತಿ ಇದ್ದೇ ಇದೆ. ಊರಿನ ಹೆಸರು, ವ್ಯಾಪಾರವನ್ನೇ ವರ್ಣಿಸುವ ಮಾತು ಇವಕ್ಕೆ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ‘ಮನೆ’ ಯಾರ ಸ್ವತ್ತೂ ಅಲ್ಲ. ನಾಳೆ ಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಇನ್ನೊಂದು ಆಚೆಮನೆ ಬೋರ್ಡು ಕಂಡರೆ ನಾನು ಜಗಳಕ್ಕೆ ಹೋಗುವುದಿಲ್ಲ. ಅವರ ಮನೆಯಲ್ಲೂ ಹಾಗೇ ಕರೆಯುತ್ತಿರಬಹುದು.

ಈಗ ಫಲಿತಾಂಶ. ನಾನು ಲೆಕ್ಕ ಇಟ್ಟದ್ದು ಒಂದೇ ವಿಷಯಕ್ಕೆ: ಫೋನ್ ಮಾಡಿದವರು ಕೇಳುವ ಮೊದಲನೆಯ ಪ್ರಶ್ನೆ. ಹಳೆಯ ಹೆಸರು ಇದ್ದಾಗ ಹತ್ತರಲ್ಲಿ ಆರೇಳು ಜನ ಕೇಳುತ್ತಿದ್ದದ್ದು ‘ಡಿಜೆ ಹಾಕಬಹುದಾ, ರೇನ್ ಡ್ಯಾನ್ಸ್ ಇದೆಯಾ, ಎಷ್ಟು ಹುಡುಗರು ಇಳ್ಕೋಬಹುದು’. ಈಗ ಆ ಪ್ರಶ್ನೆ ಹತ್ತರಲ್ಲಿ ಒಂದೋ ಎರಡೋ. ಉಳಿದವರು ಕೇಳುವುದು ‘ಊಟ ಮನೇದೇನಾ’ ಅಂತ. ವ್ಯೂ ಅನ್ನುವ ಪದ ಗುಂಪು ಕಟ್ಟಿಕೊಂಡು ಬರುವವರನ್ನು ಕರೆಯುತ್ತದೆ, ಮನೆ ಅನ್ನುವ ಪದ ಸಂಸಾರ ಇರುವವರನ್ನು ಕರೆಯುತ್ತದೆ ಅಂತ ನನ್ನ ಲೆಕ್ಕ. ಬೇರೆ ಕಾರಣವೂ ಇರಬಹುದು. ಆದರೆ ಫೋಟೋ, ರೇಟು, ಸೈಟು ಯಾವುದನ್ನೂ ನಾನು ಆ ವರ್ಷ ಬದಲಿಸಿರಲಿಲ್ಲ.

ಒಟ್ಟು ಫೋನ್‌ಗಳು ಮಾತ್ರ ಕಡಿಮೆಯಾದವು. ಮೂರರಲ್ಲಿ ಒಂದು ಪಾಲು ಹೋಯಿತು ಅಂತಿಟ್ಟುಕೊಳ್ಳಿ. ಮೊದಲ ಎರಡು ತಿಂಗಳು ನನ್ನವಳು ಮಾತೇ ಆಡಲಿಲ್ಲ. ಆದರೆ ರೂಮು ತುಂಬುವುದು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು, ಎರಡನೆಯ ಸಲ ಬರುವವರು ಜಾಸ್ತಿಯಾದರು. ಒಡೆದ ಗ್ಲಾಸು, ಸುಟ್ಟ ಚಾಪೆ, ರಾತ್ರಿ ಹನ್ನೊಂದಕ್ಕೆ ಹೋಗಿ ಸ್ಪೀಕರ್ ಆರಿಸುವ ಪಂಚಾಯಿತಿ ಎಲ್ಲ ನಿಂತೇ ಹೋಯಿತು ಅನ್ನಬೇಕು. ಹೆಸರಿನಿಂದ ಆಗದೇ ಇದ್ದದ್ದೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರದ ದಿನಗಳು ಮೊದಲೂ ಖಾಲಿ, ಈಗಲೂ ಖಾಲಿ. ಜಿಗಣೆಗೆ ಯಾವ ಹೆಸರೂ ಪರಿಹಾರವಲ್ಲ.

ಗೆದ್ದ ಹುಮ್ಮಸ್ಸಿನಲ್ಲಿ ರೂಮುಗಳಿಗೂ ಹೆಸರಿಡಲು ಹೋದೆ. ಎಲ್ಲರ ಹಾಗೆ ಅರೇಬಿಕಾ, ರೊಬಸ್ಟಾ, ಪೆಪ್ಪರ್, ಏಲಕ್ಕಿ ಬೇಡ ಅಂತ ತೋಟದ ಪಟ್ಟೆಗಳ ಹೆಸರನ್ನೇ ತಂದೆ: ಹಲಸಿನಡಿ, ಕೆರೆಬದಿ, ಮೇಲ್ಕಣ, ಹಾಲವಾಣ. ಮರದ ಹಲಗೆ ಕೆತ್ತಿಸಿದ್ದಕ್ಕೆ ಆರು ಸಾವಿರ. ಬಂದವರು ಕೆರೆಬದಿ ರೂಮಿನಲ್ಲಿ ನಿಂತು ಕೆರೆ ಎಲ್ಲಿ ಅಂತ ಕೇಳಿದರು. ಕೆರೆ ಇರುವುದು ಅರ್ಧ ಕಿಲೋಮೀಟರ್ ಕೆಳಗೆ. ಅಡುಗೆಯವರು ಮೊದಲ ದಿನದಿಂದಲೂ ಒಂದನೇ ರೂಮು, ಎರಡನೇ ರೂಮು ಅನ್ನುತ್ತಿದ್ದರು, ನಾನೂ ಈಗ ಹಾಗೆಯೇ ಅನ್ನುತ್ತೇನೆ. ಹಲಗೆಗಳು ಗೋಡೌನಿನಲ್ಲಿವೆ.

ಸದ್ಯ ಭಾವನ ಮನೆಗೆ ಹೆಸರು ಹುಡುಕುತ್ತಿದ್ದೇನೆ. ಅವರದು ಹೆದ್ದಾರಿ 75ಕ್ಕೆ ಅಂಟಿಕೊಂಡ ಜಾಗ, ಶಿರಾಡಿ ಘಾಟಿ ಹತ್ತಿ ಬಂದ ಲಾರಿಗಳು ರಾತ್ರಿಯೆಲ್ಲ ಹಾರ್ನ್ ಹೊಡೆಯುತ್ತವೆ. ಅಲ್ಲಿ ನಿಶ್ಶಬ್ದದ ಸುಳಿವು ಕೊಡುವ ಹೆಸರು ಇಡಲೇಬಾರದು, ಊಟದ ಕಡೆ ವಾಲುವ ಮಾತು ಹುಡುಕೋಣ ಭಾವ, ಅಕ್ಕನ ಕಡುಬಿಗೇ ಜನ ನಿಲ್ಲಿಸುತ್ತಾರೆ ಅಂದೆ. ಹ್ಞೂಂ ಅಂದರು. ನಿನ್ನೆ ವಾಟ್ಸಾಪಿನಲ್ಲಿ ಅವರೇ ಮೂರು ಹೆಸರು ಕಳಿಸಿದ್ದಾರೆ. ಎರಡರಲ್ಲಿ ‘ಸಿರಿ’ ಇದೆ, ಒಂದು ‘ಸೈಲೆಂಟ್ ಸ್ಟೇ’.